ಮಳೆಗಾಲದಲ್ಲೂ ಲಾವಂಚದ ಘಮ

ಪ್ರಶ್ನೆ: ಮಂಗಳೂರಿನ ಕದ್ರಿಯಲ್ಲಿ ಸ್ಪಾ ನಡೆಸುತ್ತಿದ್ದೇನೆ. ನಾಲ್ಕೈದು ಸುವಾಸನೆ ಬಳಸಿದರೂ ಗ್ರಾಹಕರ ನೆನಪಿನಲ್ಲಿ ಯಾವುದೂ ಉಳಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ಒಂದೇ ಪರಿಮಳ ಸಾಕು. ನಮ್ಮವರಿಗೆ ಪರಿಚಿತವಾದ ಲಾವಂಚ ಆರಿಸಿಕೊಳ್ಳಿ. ಅದರ ಎಣ್ಣೆ ನಿಧಾನವಾಗಿ ಆವಿಯಾಗುವುದರಿಂದ ಘಮ ಬಹಳ ಹೊತ್ತು ನಿಲ್ಲುತ್ತದೆ. ಡಿಫ್ಯೂಸರ್ ಬಾಗಿಲ ಬಳಿ ಮಾತ್ರ ಇರಲಿ. ಒಳಗೇ ಇರುವ ನಿಮ್ಮ ಮೂಗು ಬೇಗ ಒಗ್ಗಿಹೋಗುತ್ತದೆ, ಹಾಗಾಗಿ ಹನಿ ಹೆಚ್ಚಿಸುವ ಮೊದಲು ಹೊರಗಿನಿಂದ ಬಂದವರನ್ನು ಕೇಳಿ.

ಮಳೆಗಾಲದಲ್ಲಿ ಅರೆ ಒಣಗಿದ ಟವೆಲ್‌ನ ಮುಗ್ಗಲು ವಾಸನೆ ಎಲ್ಲವನ್ನೂ ಕೆಡಿಸುತ್ತದೆ. ಮೊದಲು ಡ್ರೈಯರ್‌ಗೆ ಹಣ ಹಾಕಿ; ಬೆಚ್ಚಗಿನ, ಮೆತ್ತನೆಯ ಟವೆಲ್ಲೇ ನಿಮ್ಮ ಸ್ಪರ್ಶದ ಗುರುತಾಗುತ್ತದೆ. ಸಂಗೀತ ಒಂದೇ ವಾದ್ಯದ್ದು, ಮೆಲುದನಿಯಲ್ಲಿರಲಿ. ಧ್ವನಿಮುದ್ರಿಕೆ ಹಾಕುವುದಾದರೆ ಪರವಾನಗಿ ಬಗ್ಗೆ ವಕೀಲರನ್ನು ವಿಚಾರಿಸಿ. ಅಸ್ತಮಾ ಇರುವವರಿಗೆ ಪರಿಮಳವಿಲ್ಲದ ಕೋಣೆಯೊಂದನ್ನು ಮೀಸಲಿಡಿ.