ಪಡಸಾಲೆಗೆ ಯಾವ ಬಣ್ಣ?

ಹಳೆಯ ಮನೆಯ ಪಡಸಾಲೆಗೆ ಬಣ್ಣ ಬಳಿಸುವ ಮಾತೆದ್ದರೆ ಮನೆಯವರಲ್ಲಿ ಎರಡು ಪಕ್ಷವಾಗುತ್ತದೆ. ಊರಲ್ಲೇ ಉಳಿದ ಅಣ್ಣ, ಅಪ್ಪನ ಕಾಲದಿಂದ ಬಳಿದದ್ದು ಸುಣ್ಣ, ಈಗಲೂ ಅದೇ ಸಾಕು ಎನ್ನುತ್ತಾನೆ. ಹಬ್ಬಕ್ಕೆ ಬಂದ ತಮ್ಮ, ಪುಟ್ಟಿ ಎಳೆಸಿ ಎಮಲ್ಷನ್ ಹೊಡೆಸೋಣ, ದುಡ್ಡು ನಾನು ಕೊಡುತ್ತೇನೆ ಎನ್ನುತ್ತಾನೆ. ಮಾತು ಬಣ್ಣದಿಂದ ಜಾರಿ, ಮನೆಯ ಮೇಲೆ ಯಾರಿಗೆ ಹೆಚ್ಚು ಹಕ್ಕು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಇಂಥ ವಾದಗಳನ್ನು ಕೇಳುತ್ತ ಬಂದ ನನಗೆ ಖಚಿತವಾಗಿರುವುದು ಒಂದೇ: ಇಬ್ಬರೂ ರುಚಿಯ ವಿಷಯವೆಂದುಕೊಂಡು ಜಗಳವಾಡುತ್ತಾರೆ, ಆದರೆ ಅದರಲ್ಲಿ ಮುಕ್ಕಾಲು ಭಾಗವನ್ನು ಗೋಡೆಯೇ ತೀರ್ಮಾನಿಸಿಬಿಟ್ಟಿರುತ್ತದೆ.

ಮಲೆನಾಡಿನ ಹಳೆಯ ಮನೆಯೊಂದನ್ನೇ ತೆಗೆದುಕೊಳ್ಳಿ. ಗೋಡೆ ಮಣ್ಣಿನದು ಅಥವಾ ಜಂಬಿಟ್ಟಿಗೆಯದು, ಮೇಲೆ ಗಾರೆಯ ಗಿಲಾವು. ಈಗಿನ ಮನೆಗಳಲ್ಲಿ ಅಡಿಪಾಯದ ಮೇಲೆ ತೇವ ತಡೆಯಲು ಹಾಕುವ ಪದರ ಅಲ್ಲಿಲ್ಲ. ಹಾಗಾಗಿ ಮಳೆಗಾಲದಲ್ಲಿ ನೆಲದ ನೀರು ಗೋಡೆಯೊಳಗೆ ಮೇಲಕ್ಕೇರುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಆ ತೇವ ಮೈಯಿಂದ ಆವಿಯಾಗಿ ಹೊರಬೀಳುತ್ತದೆ; ಬಿಸಿಲುಗಾಲಕ್ಕೆ ಗೋಡೆ ಮತ್ತೆ ಒಣಗುತ್ತದೆ. ಪುಟ್ಟಿ, ಪ್ರೈಮರ್, ಎಮಲ್ಷನ್ ಒಂದರ ಮೇಲೊಂದು ಕೂತರೆ ಈ ದಾರಿ ಬಹುಪಾಲು ಮುಚ್ಚುತ್ತದೆ. ತೇವದೊಂದಿಗೆ ಬಂದ ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ ಅದನ್ನು ಎಬ್ಬಿಸುತ್ತದೆ. ಒಂದೆರಡು ಮಳೆಗಾಲದೊಳಗೆ ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ ಚಕ್ಕೆಯಾಗುವುದು, ಚಕ್ಕೆಯ ಹಿಂದೆ ಹಳೆಯ ಗಾರೆಯೂ ಪುಡಿಯಾಗಿ ಬರುವುದು ಇದೇ ಕಾರಣಕ್ಕೆ. ಆಗ ಕೆಳಗಿನ ಭಾಗಕ್ಕೆ ಸಿಮೆಂಟ್ ಗಿಲಾವು ಮಾಡಿಸಿ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಹಾಗೆ ಮಾಡಿಸಿದರೆ ತೇವ ನಿಲ್ಲುವುದಿಲ್ಲ, ಸಿಮೆಂಟಿನ ಮೇಲಂಚಿನವರೆಗೆ ಏರಿ ಅಲ್ಲಿ ಹೊರಬೀಳುತ್ತದೆ. ಕಲೆ ಮೊದಲಿಗಿಂತ ಎತ್ತರದಲ್ಲಿ, ಬಂದವರ ಕಣ್ಣಿಗೆ ನೇರವಾಗಿ ಕಾಣುವಂತಾಗುತ್ತದೆ.

ಸುಣ್ಣದ ಮೇಲಿನ ಗಟ್ಟಿ ಆಕ್ಷೇಪ ತಮ್ಮನದಲ್ಲ, ದಿನಾ ಪಡಸಾಲೆ ಗುಡಿಸುವ ಅತ್ತಿಗೆಯದು: ಒರಗಿದವರ ಬೆನ್ನಿಗೆಲ್ಲ ಬಿಳಿ, ನೆಲದ ತುಂಬ ಪುಡಿ. ದೂರು ನಿಜ. ಆದರೆ ಅದರ ಬಹುಪಾಲು ಸುಣ್ಣದ ದೋಷವಲ್ಲ, ಅವಸರದ ಕೆಲಸದ ದೋಷ. ಪೇಟೆಯ ಪೊಟ್ಟಣದ ಪುಡಿಯನ್ನು ಬೆಳಿಗ್ಗೆ ಕಲಸಿ, ಒಣ ಗೋಡೆಗೆ ಒಂದೇ ಸಲ ದಪ್ಪಗೆ ಬಳಿದರೆ ಅದು ಹಿಡಿಯುವುದಿಲ್ಲ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸಿ (ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳು ಹತ್ತಿರ ಇರಬಾರದು), ಕೆಲವು ದಿನ ನೀರಿನಲ್ಲೇ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಸೇರಿಸಬೇಕು. ಹಾಲಿನಷ್ಟು ತೆಳುವಾಗಿರಬೇಕು. ಗೋಡೆಯನ್ನು ಗುಡಿಸಿ, ನೀರು ಚಿಮುಕಿಸಿ, ಹಸಿ ಇರುವಾಗಲೇ ಬಳಿಯಬೇಕು. ಒಂದು ಕೈ ಒಣಗಿದ ಮೇಲೆ ಇನ್ನೊಂದರಂತೆ ಮೂರು ಕೈ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುವ ವಸ್ತು. ತೆಳು ಪದರ ಚೆನ್ನಾಗಿ ಕಲ್ಲಾಗುತ್ತದೆ, ದಪ್ಪ ಪದರ ಬಿರಿದು ಉದುರುತ್ತದೆ. ಇಷ್ಟು ಮಾಡಿದರೂ ಎಮಲ್ಷನ್‌ನಂತೆ ಒದ್ದೆ ಬಟ್ಟೆಯಲ್ಲಿ ಉಜ್ಜಲಾಗುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಲೇಬೇಕು. ಅಣ್ಣ ಇದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ಸರಿಯಲ್ಲ.

ತಮ್ಮನ ಪಕ್ಷವೇ ಸರಿಯಾಗುವ ಮನೆಗಳೂ ಇವೆ. ಎಂದೋ ಸಿಮೆಂಟ್ ಗಿಲಾವು ಆಗಿ, ಮೇಲೆ ಡಿಸ್ಟೆಂಪರ್ ಅಥವಾ ಎಣ್ಣೆಬಣ್ಣ ಕೂತಿದ್ದರೆ ಸುಣ್ಣ ಅದರ ಮೇಲೆ ನಿಲ್ಲುವುದಿಲ್ಲ. ಪೂರ್ತಿ ಕೆರೆಯುವ ಖರ್ಚು ಹೊಸ ಬಣ್ಣಕ್ಕಿಂತ ಹೆಚ್ಚಾದೀತು. ಗೋಡೆ ವರ್ಷವಿಡೀ ಒಣಗಿದ್ದರಂತೂ ತಕರಾರೇ ಇಲ್ಲ. ಅದನ್ನು ತಿಳಿಯುವುದು ಸುಲಭ. ಮಳೆಗಾಲದಲ್ಲಿ ನೆಲದ ಹತ್ತಿರ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆಯಿರಿ. ಗೋಡೆಯ ಕಡೆಯ ಮೈಯಲ್ಲಿ ನೀರಹನಿ ಕೂತಿದ್ದರೆ ತೇವ ಒಳಗಿನಿಂದ ಬರುತ್ತಿದೆ. ಹಾಳೆಯ ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯದು. ಒಡೆದ ಹೆಂಚು, ಗೋಡೆಗೆ ತಾಗಿದಂತೆ ಬೀಳುವ ಸೂರಿನ ನೀರು, ಅಂಗಳ ಏರಿ ಮುಚ್ಚಿಹೋದ ತಳಪಾಯ, ಇವನ್ನು ಸರಿಮಾಡದಿದ್ದರೆ ಸುಣ್ಣವೂ ಸೋಲುತ್ತದೆ.

ಇಷ್ಟಾದ ಮೇಲೆ ಉಳಿಯುವುದು ನಿಜವಾದ ಬಣ್ಣದ ಜಗಳ, ಅದಕ್ಕೆ ಎಡೆಯೂ ಇದೆ. ಸುಣ್ಣವೆಂದರೆ ಬಿಳಿಯೇ ಆಗಬೇಕಿಲ್ಲ. ಕೆಮ್ಮಣ್ಣು, ಹಳದಿ ಮಣ್ಣಿನಂಥ ಕಬ್ಬಿಣದ ಅಂಶವಿರುವ ಬಣ್ಣಗಳು ಸುಣ್ಣದ ಖಾರವನ್ನು ತಡೆದುಕೊಳ್ಳುತ್ತವೆ. ಅಂಗಡಿಯ ಅನೇಕ ಉಜ್ವಲ ಬಣ್ಣಗಳು ಮಂಕಾಗುತ್ತವೆ. ತಮ್ಮ ಕಡುನೀಲಿ ಕೇಳಿದರೆ ಸಿಗದು, ತಿಳಿಹಳದಿ ಸಿಕ್ಕೀತು. ದುಡ್ಡು ಕೊಡಲು ಮುಂದಾದವನು ಒಮ್ಮೆಗೆ ಕೊಟ್ಟು ಕೈತೊಳೆಯದೆ, ಮುಂದಿನ ಸಲದ ಸುಣ್ಣದ ಕೂಲಿಯನ್ನೂ ಈಗಲೇ ಒಪ್ಪಿಕೊಂಡರೆ ಅಣ್ಣನ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.