ಇಲ್ಲದ ಸ್ಕೂಟರಿಗೊಂದು ಬ್ರ್ಯಾಂಡ್

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆಯಿಂದ ಕಾಲೇಜಿಗೆ ಹೋಗುವ, ಮೊದಲ ಸಲ ಗಾಡಿ ಹಿಡಿಯುವ ಹುಡುಗ ಹುಡುಗಿಯರಿಗೆಂದು ಒಂದು ಎಲೆಕ್ಟ್ರಿಕ್ ಸ್ಕೂಟರಿಗೆ ಬ್ರ್ಯಾಂಡ್ ಕಟ್ಟಲು ಹೊರಟಿದ್ದೆ. ಗಾಡಿ ಕಲ್ಪನೆಯದು, ಕೈ ಪಳಗಲೆಂದು ಹಿಡಿದ ಕೆಲಸ. ತಪ್ಪುಗಳು ಮಾತ್ರ ಅಸಲಿ.

1. ಬಣ್ಣಕ್ಕೆ ಮೊದಲು ವಯಸ್ಸು ಕೇಳಿ

ಲೋಗೋ, ಘೋಷವಾಕ್ಯ ಎಲ್ಲ ಮುಗಿಸಿ ಪಿಯುಸಿ ಹುಡುಗಿಯೊಬ್ಬಳಿಗೆ ತೋರಿಸಿದೆ. ‘ಚೆನ್ನಾಗಿದೆ ಅಣ್ಣ, ಆದ್ರೆ ನಂಗಿನ್ನೂ ಹದಿನೇಳು’ ಅಂದಳು. ನಾನು ಬರೆದಿಟ್ಟ 60 ಕಿ.ಮೀ. ವೇಗದ ಗಾಡಿ ಓಡಿಸಲು 18 ತುಂಬಿ, ಲೈಸೆನ್ಸ್ ಕೈಗೆ ಬಂದಿರಬೇಕು. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆಯಿದ್ದು ವೇಗ ಗಂಟೆಗೆ 25 ಕಿ.ಮೀ. ಮುಟ್ಟದಿದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಅದನ್ನೇ ಮಾಡೋಣವೆಂದರೆ ಇಲ್ಲಿಯ ರಸ್ತೆ ರಾಷ್ಟ್ರೀಯ ಹೆದ್ದಾರಿ 766. ಹಿಂದೆ ಕೇರಳದ ಲಾರಿ ಹಾರನ್ ಹೊಡೆಯುತ್ತಿರುವಾಗ ಆ ವೇಗದಲ್ಲಿ ಹೋಗುವುದು ಹೊಸಬರಿಗೆ ಹೆದರಿಕೆಯ ವಿಷಯ. ಎರಡೂ ವಯಸ್ಸಿನವರನ್ನು ಒಂದೇ ಹೆಸರಿನಡಿ ಓಲೈಸುವ ಆಸೆ ಬಿಟ್ಟು, ಡಿಗ್ರಿ ಓದುವವರನ್ನಷ್ಟೇ ಇಟ್ಟುಕೊಂಡೆ. ಮಾಡಿದ್ದರಲ್ಲಿ ಅರ್ಧ ಕಸದ ಬುಟ್ಟಿಗೆ ಹೋಯಿತು.

2. ದುಡ್ಡು ಕೊಡುವವರ ಲೆಕ್ಕವನ್ನೇ ಹೇಳಿ

ಪೋಸ್ಟರಿನಲ್ಲಿ ‘ಒಂದು ಚಾರ್ಜಿಗೆ 90 ಕಿ.ಮೀ.’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೆ. ಪರೀಕ್ಷಾ ಕೇಂದ್ರದಲ್ಲಿ ಬರಬಹುದಾದಂಥ ಅಂಕಿ ಅದು. ಚೆಂಡುಹೂ ಬೆಳೆಯುವ ಒಬ್ಬ ತಂದೆ ಕೇಳಿದ್ದು ಒಂದೇ ಪ್ರಶ್ನೆ: ‘ಇಬ್ರು ಕೂತ್ರೆ?’

ಆಗ ಕೂತು ಲೆಕ್ಕ ಹಾಕಿದೆ. ಬ್ಯಾಟರಿ ಹಿಡಿಯುವುದು 2 ಯೂನಿಟ್. ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಗಂಟೆ ಖರ್ಚು ಹಿಡಿದರೆ ಹತ್ತಿರ ಹತ್ತಿರ 65 ಕಿ.ಮೀ. ಇಬ್ಬರು ಕೂತು, ಎದುರುಗಾಳಿ ಬೀಸಿತೆಂದರೆ ಖರ್ಚು 40ಕ್ಕೆ ಏರುತ್ತದೆ, ಓಟ 50ಕ್ಕೆ ಇಳಿಯುತ್ತದೆ. ಬ್ಯಾಟರಿಗೂ ವಯಸ್ಸಾಯಿತೆಂದರೆ ಇನ್ನೂ ಕಡಿಮೆ. 90 ನಂಬಿ ಕೊಂಡವರಿಗೆ ಗಾಡಿ ಕೆಟ್ಟಿದೆ ಅನ್ನಿಸುತ್ತದೆ. ಸಂಖ್ಯೆ ಅಳಿಸಿ, ‘ಇಬ್ಬರು ಗುಂಡ್ಲುಪೇಟೆಗೆ ಹೋಗಿ ಬಂದ ಮೇಲೂ ಚಾರ್ಜ್ ಉಳಿದಿರುತ್ತೆ’ ಎಂದು ಬರೆದೆ. ಸೊಗಸಾದ ವಾಕ್ಯವೇನಲ್ಲ, ಆದರೆ ಆ ತಂದೆ ತಲೆಯಾಡಿಸಿದರು.

3. ನಂಬರ್ ಪ್ಲೇಟಿಗೂ ಬಣ್ಣವಿದೆ

ಹೂವಿನ ಹೊಲ ನೋಡಿ ಹಸಿರಿನ ಮೇಲೆ ಹಳದಿ ಅಕ್ಷರದ ಲೋಗೋ ಮಾಡಿ ಬೀಗಿದ್ದೆ. ಬಾಡಿಗೆಗೆ ಓಡುವ ವಿದ್ಯುತ್ ವಾಹನದ ನಂಬರ್ ಪ್ಲೇಟ್ ಹಾಗೆಯೇ ಇರುತ್ತದೆ. ಸ್ವಂತ ಗಾಡಿಯದ್ದು ಹಸಿರಿನ ಮೇಲೆ ಬಿಳಿ. ಹುಡುಗರು ಲೋಗೋ ನೋಡಿ ‘ಇದೇನು ಟ್ಯಾಕ್ಸಿನಾ?’ ಅಂತ ನಕ್ಕರು.

4. ಚಿತ್ರ ಬರೆಯುವ ಮೊದಲು ಊರು ನೋಡಿ

ಮುಖ್ಯ ಜಾಹೀರಾತಿನಲ್ಲಿ ನಡುರಾತ್ರಿ ಬಂಡೀಪುರದ ಕಾಡುದಾರಿಯಲ್ಲಿ ಹೆಡ್‌ಲೈಟ್ ಬೆಳಗಿಸಿಕೊಂಡು ಹೋಗುವ ಹುಡುಗಿ. ಮದ್ದೂರಿನ ಚೆಕ್‌ಪೋಸ್ಟಿನಿಂದಾಚೆ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದಲೂ ನಿಷೇಧವಿದೆ. ತುರ್ತು ವಾಹನ, ಬೆರಳೆಣಿಕೆಯ ಬಸ್ಸು ಬಿಟ್ಟರೆ ಯಾರನ್ನೂ ಬಿಡುವುದಿಲ್ಲ. ಮೊದಲ ಗಾಡಿ ಹಿಡಿದವಳಿಗೆ ಕಾನೂನು ಮುರಿಯುವುದನ್ನೇ ಕಲಿಸಲು ಹೊರಟಿದ್ದೆ. ಈಗ ಆ ಚಿತ್ರದಲ್ಲಿ ಬೆಳಗಿನ ಎಂಟು ಗಂಟೆ, ಅವಳ ತಲೆಯ ಮೇಲೆ ಹೆಲ್ಮೆಟ್, ಸ್ಕೂಟರಿನ ಮುಖ ಗುಂಡ್ಲುಪೇಟೆಯ ಕಡೆಗೆ. ಇಂಥ ಕೆಲಸ ಹಿಡಿದವರು ದಯವಿಟ್ಟು ಮೊದಲು ಆ ದಾರಿಯಲ್ಲಿ ಒಮ್ಮೆ ಓಡಾಡಿ ಬನ್ನಿ.