ತಳ ಹಿಡಿದ ಹುಳಿ

ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿನ ಉಷ್ಣತೆ ಸುಮಾರು 100 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದಿಲ್ಲ. ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರು ಬೇಗ ಬೇಗ ಆವಿಯಾಗುವುದೇ ಹೊರತು ಅದರ ಕಾವು ಏರದು. ಬೇಳೆಯಾಗಲಿ ತರಕಾರಿಯಾಗಲಿ ಸೀದು ಕರಕಲಾಗಬೇಕಾದರೆ ಇದಕ್ಕಿಂತ ಬಹಳ ಹೆಚ್ಚಿನ, ಹೆಚ್ಚು ಕಡಿಮೆ 200 ಡಿಗ್ರಿಯ ಆಸುಪಾಸಿನ ಉಷ್ಣತೆ ಬೇಕು. ಹಾಗಿದ್ದ ಮೇಲೆ, ಒಂದೂವರೆ ಲೀಟರಿನಷ್ಟು ಹುಳಿ ಒಲೆಯ ಮೇಲೆ ಕುದಿಯುತ್ತಿರುವಾಗಲೇ ಅದರ ತಳ ಸೀಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತರೆ, ಮೇಲಿನ ಹುಳಿಯನ್ನು ಉಳಿಸಿಕೊಳ್ಳುವ ಉಪಾಯವೂ ಪಾತ್ರೆಯನ್ನು ತೊಳೆಯುವ ಉಪಾಯವೂ ಅದರಿಂದಲೇ ತಿಳಿದುಬರುತ್ತವೆ.

ತಿಳಿಸಾರು ಸಾಮಾನ್ಯವಾಗಿ ಸೀಯುವುದಿಲ್ಲ. ತಳದಲ್ಲಿ ಕಾದ ನೀರು ಹಗುರವಾಗಿ ಮೇಲಕ್ಕೇರುತ್ತದೆ. ಮೇಲಿನ ತಣ್ಣನೆಯ ನೀರು ಕೆಳಕ್ಕಿಳಿದು ಅದರ ಸ್ಥಾನವನ್ನು ತುಂಬುತ್ತದೆ. ಸಂವಹನವೆಂದು ಕರೆಯುವ ಈ ಚಲನೆಯಿಂದ ಉರಿಯ ಉಷ್ಣವು ತಳದಲ್ಲಿ ನಿಲ್ಲದೆ ಎಲ್ಲೆಡೆಗೂ ಹಂಚಿಹೋಗುತ್ತದೆ. ತೊಗರಿಬೇಳೆಯ ಹುಳಿಯಾದರೋ ಕುದಿದಷ್ಟೂ ಗಟ್ಟಿಯಾಗುತ್ತದೆ. ಬೆಂದ ಬೇಳೆ ಕೆಳಗೆ ಕುಳಿತು ಕೆಸರಿನಂತೆ ಒಂದು ಪದರವಾಗುತ್ತದೆ. ಈ ಪದರದೊಳಗೆ ಸಂವಹನ ನಡೆಯಲಾರದು. ಅದರ ನೀರು ಆವಿಯಾಗಿ ಹೋದರೆ ಆ ಜಾಗಕ್ಕೆ ಮೇಲಿನ ನೀರು ಬೇಗನೆ ಇಳಿದುಬರುವುದಿಲ್ಲ. ನೀರು ಇರುವವರೆಗೆ ಮಾತ್ರವೇ 100 ಡಿಗ್ರಿಯ ಕಟ್ಟುಪಾಡು. ನೀರು ಆರಿದೊಡನೆ ಆ ತೆಳು ಪದರದ ಉಷ್ಣತೆ ಮೇಲಕ್ಕೇರುತ್ತದೆ, ಮೊದಲು ಕಂದುಬಣ್ಣ ಬರುತ್ತದೆ, ಅನಂತರ ಕರಕಲು.

ಪಾತ್ರೆಯ ಲೋಹವೂ ಇದರಲ್ಲಿ ಪಾಲುಗೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಉಷ್ಣವಾಹಕತೆ ಅಲ್ಯೂಮಿನಿಯಮ್ಮಿನದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ತೆಳುವಾದ ಸ್ಟೀಲ್ ಪಾತ್ರೆಯಲ್ಲಿ ಜ್ವಾಲೆ ತಗಲಿದ ಕಡೆಯ ಕಾವು ಅಕ್ಕಪಕ್ಕಕ್ಕೆ ಸುಲಭವಾಗಿ ಹರಡದು. ಗ್ಯಾಸ್ ಒಲೆಯ ಬರ್ನರಿನ ಆಕಾರದಲ್ಲಿಯೇ ಬಳೆಯಂತೆ ಕರಕಲು ಕಟ್ಟುವುದನ್ನು ವಾಚಕರು ನೋಡಿರಬಹುದು.

ಇನ್ನು ವಾಸನೆಯ ವಿಚಾರ. ಒಣಗಿದ ಪದರ ಸೀಯುವಾಗ ಅದರ ದೊಡ್ಡ ಅಣುಗಳು ಒಡೆದು ಸಣ್ಣ ಸಣ್ಣ ಅಣುಗಳಾಗುತ್ತವೆ. ಹೊಗೆಯ ಕಮಟು ವಾಸನೆಗೆ ಫೀನಾಲ್ ವರ್ಗದ ವಸ್ತುಗಳು ಮುಖ್ಯ ಕಾರಣ. ಇವು ಅತ್ಯಲ್ಪವಾಗಿದ್ದರೂ ಮೂಗಿಗೆ ಗೊತ್ತಾಗುತ್ತವೆ. ಆದರೆ ಅವು ಹುಟ್ಟುವುದು ತಳದಲ್ಲಿ ಮಾತ್ರ. ಮೇಲಿನ ಹುಳಿಯನ್ನು ಸೇರಬೇಕಾದರೆ ಅವಕ್ಕೆ ಎರಡು ದಾರಿಗಳಿವೆ. ತಳದಿಂದೇಳುವ ಆವಿಯ ಗುಳ್ಳೆಗಳು ಒಂದು; ನಮ್ಮ ಸೌಟು ಇನ್ನೊಂದು. ಮೊದಲನೆಯದು ನಿಧಾನವಾದದ್ದು. ಎರಡನೆಯದಾದರೋ ಒಂದೇ ಸುತ್ತಿನಲ್ಲಿ ಕರಕಲನ್ನು ಕಿತ್ತು ಪಾತ್ರೆಗೆಲ್ಲ ಕದಡಿಬಿಡುತ್ತದೆ. ವಾಸನೆ ಬಂದೊಡನೆ ಸೌಟನ್ನು ಹಾಕಿ ತಳವನ್ನು ಕೆರೆಯುವುದು ಸಹಜವಾದ ಪ್ರವೃತ್ತಿ. ಹುಳಿ ಕೆಡುವುದು ಬಹುಮಟ್ಟಿಗೆ ಅದರಿಂದಲೇ.

ಆದ್ದರಿಂದ ಮಾಡಬೇಕಾದ ಕ್ರಮ ಹೀಗೆ. ಕಲಕದೆ ಪಾತ್ರೆಯನ್ನು ಒಲೆಯಿಂದ ಇಳಿಸಬೇಕು. ಇಳಿಸಿದ ಮೇಲೂ ತಳದ ಕಾವು ಸ್ವಲ್ಪ ಹೊತ್ತು ಸೀಯಿಸುತ್ತಲೇ ಇರುವುದರಿಂದ, ಅಗಲವಾದ ಬೋಗುಣಿಯಲ್ಲಿ ಎರಡು ಬೆರಳಿನಷ್ಟು ತಣ್ಣೀರು ಹಾಕಿ ಅದರಲ್ಲಿ ಪಾತ್ರೆಯನ್ನು ಒಂದೆರಡು ನಿಮಿಷ ಇರಿಸಬೇಕು. ಮಣ್ಣಿನ ಮಡಕೆಗೆ ಇದು ಸಲ್ಲದು, ಸೀಳಿಬಿಡುತ್ತದೆ. ಗುಳ್ಳೆ ಏಳುವುದು ನಿಂತೊಡನೆ ಮೇಲಿನ ಹುಳಿಯನ್ನು ಸೌಟಿನಿಂದ ಮೆಲ್ಲನೆ ಮೊಗೆದು ಬೇರೆ ಪಾತ್ರೆಗೆ ಹಾಕಬೇಕು. ತಳದಿಂದ ಒಂದು ಅಂಗುಲದಷ್ಟನ್ನು ಆಸೆಪಡದೆ ಬಿಟ್ಟುಬಿಡಬೇಕು. ರುಚಿ ನೋಡುವುದು ಹೊಸ ಪಾತ್ರೆಯಿಂದಲೇ ಆಗಬೇಕು. ಹಳೆಯ ಪಾತ್ರೆಯ ಬಳಿಯಲ್ಲಿ ಮೂಗು ಸರಿಯಾದ ಸಾಕ್ಷಿ ಹೇಳಲಾರದು.

ಒಂದೂವರೆ ಲೀಟರಿನಲ್ಲಿ ಒಂದು ಲೀಟರು ಹೀಗೆ ಉಳಿಯಿತೆನ್ನೋಣ. ಅದರಲ್ಲಿ ತುಸುವೇ ವಾಸನೆಯಿದ್ದರೆ ಮುಚ್ಚಳವಿಲ್ಲದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಬಹುದು. ಹಾರಿಹೋಗಬಲ್ಲ ವಸ್ತುಗಳಲ್ಲಿ ಒಂದಿಷ್ಟು ಆವಿಯೊಡನೆ ಹೋಗುತ್ತವೆ. ಬೇಯಿಸಿದ ಬೇಳೆಯನ್ನೂ ನೀರನ್ನೂ ಅರ್ಧ ಲೀಟರಿನಷ್ಟು ಸೇರಿಸಿದರೆ ಪರಿಮಾಣ ಒಂದೂವರೆ ಪಾಲಾಗಿ, ವಾಸನೆಯ ಸಾಂದ್ರತೆ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಉಪ್ಪು, ಹುಣಿಸೆಯ ರಸ, ಹುಳಿಪುಡಿಗಳನ್ನು ಆ ಮೇಲೆ ಸರಿಮಾಡಿಕೊಂಡು ಇಂಗಿನ ಹೊಸ ಒಗ್ಗರಣೆ ಕೊಡಬೇಕು. ಒಗ್ಗರಣೆ ಏನನ್ನೂ ತೆಗೆಯುವುದಿಲ್ಲ. ಮೂಗಿನ ಗಮನವನ್ನು ತನ್ನತ್ತ ಸೆಳೆಯುತ್ತದೆ, ಅಷ್ಟೆ. ಹಸಿ ಆಲೂಗೆಡ್ಡೆಯ ಹೋಳು ವಾಸನೆಯನ್ನು ಹೀರುತ್ತದೆಂಬ ಮಾತು ರೂಢಿಯಲ್ಲಿದೆ. ಹೋಳು ಹುಳಿಯ ನೀರನ್ನು ಹೀರಿದರೆ ಅದರೊಡನೆ ಅದರ ಪಾಲಿನ ವಾಸನೆಯನ್ನೂ ಹೀರುತ್ತದೆ; ಉಳಿದುದರ ಸಾಂದ್ರತೆ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಆಗಲೇ ಕಲಕಿಹೋಗಿ, ನಾಲಿಗೆಗೆ ಕಹಿ ತಗಲುವಂತಾದ ಹುಳಿಯನ್ನು ಇವಾವುವೂ ಸರಿಪಡಿಸಲಾರವು. ಹಾಲು ಪಾಯಸಗಳದೂ ಕಷ್ಟವೇ; ಈ ವಸ್ತುಗಳಲ್ಲಿ ಹಲವು ಕೊಬ್ಬಿನಲ್ಲಿ ಚೆನ್ನಾಗಿ ಕರಗಿ ನಿಲ್ಲುತ್ತವೆ, ಅವುಗಳ ಸೌಮ್ಯವಾದ ರುಚಿ ಏನನ್ನೂ ಮರೆಸಲಾರದು.

ಈಗ ಪಾತ್ರೆ. ಪೂರ್ತಿ ಕರಕಲಾದ ಭಾಗ ಬಹುಪಾಲು ಇಂಗಾಲ. ಅದನ್ನು ಕರಗಿಸಬಲ್ಲ ದ್ರವ ಅಡಿಗೆಮನೆಯಲ್ಲಿಲ್ಲ. ಆದರೆ ಕರಕಲಿನ ನಡುನಡುವೆ, ಅದನ್ನು ಲೋಹಕ್ಕೆ ಅಂಟಿಸಿರುವ ಅರೆಬೆಂದ ಪಿಷ್ಟ, ಪ್ರೋಟೀನು, ಎಣ್ಣೆಗಳ ಬಂಧವಿರುತ್ತದೆ. ಆ ಬಂಧವನ್ನು ನೆನೆಸಿ ಉಬ್ಬಿಸಿದರೆ ಕರಿ ತಾನಾಗಿ ಸಡಿಲುತ್ತದೆ. ಸ್ಟೀಲ್ ಪಾತ್ರೆಗೆ ಕರಕಲು ಮುಳುಗುವಷ್ಟು ನೀರು ಹಾಕಿ, ಲೀಟರಿಗೆ ಒಂದು ದೊಡ್ಡ ಚಮಚದಂತೆ ಅಡಿಗೆ ಸೋಡಾ ಬೆರಸಿ, ಹತ್ತು ನಿಮಿಷ ಕುದಿಸಬೇಕು. ಕುದಿಯುವಾಗ ಸೋಡಾ ಇಂಗಾಲಾಮ್ಲವನ್ನು ಕಳೆದುಕೊಂಡು ಇನ್ನಷ್ಟು ತೀಕ್ಷ್ಣವಾದ ಕ್ಷಾರವಾಗುತ್ತದೆ. ಕ್ಷಾರವು ಪ್ರೋಟೀನನ್ನು ಉಬ್ಬಿಸುತ್ತದೆ, ಎಣ್ಣೆಯ ಸ್ವಲ್ಪ ಭಾಗವನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ರಾತ್ರಿಯೆಲ್ಲ ಹಾಗೆಯೇ ಬಿಟ್ಟು ಬೆಳಿಗ್ಗೆ ಮರದ ಮೊಗಚೆಕೈಯಿಂದ ಮೆಲ್ಲನೆ ತಳ್ಳಿ ನೋಡಬೇಕು. ಕರಿ ಹಾಳೆಹಾಳೆಯಾಗಿ ಎದ್ದು ಬಂದರೆ ಕೆಲಸವಾದಂತೆ. ಪುಡಿಯಾಗಿ ಮಾತ್ರ ಉದುರಿದರೆ ಬಂಧ ಇನ್ನೂ ನೆನೆದಿಲ್ಲವೆಂದು ತಿಳಿದು ಇನ್ನೊಮ್ಮೆ ಕುದಿಸುವುದೇ ಲೇಸು. ಕಬ್ಬಿಣದ ಚೂಪಿನಿಂದ ಕೆರೆದರೆ ಗೀರು ಬೀಳುತ್ತದೆ. ಮುಂದಿನ ಸಲ ಬೇಳೆ ಹಿಡಿದುಕೊಳ್ಳಲು ಅದೇ ಆಸರೆಯಾಗುತ್ತದೆ.

ಅಲ್ಯೂಮಿನಿಯಮ್ ಪಾತ್ರೆಗೆ ಮಾತ್ರ ಸೋಡಾ ಹಾಕಬಾರದು. ಕ್ಷಾರ ಆ ಲೋಹವನ್ನೇ ತಿಂದು ಕಪ್ಪಾಗಿಸುತ್ತದೆ. ಅದಕ್ಕೆ ಬರಿಯ ನೀರಿನಲ್ಲಿ ಹುಣಿಸೆಹಣ್ಣು ಕಿವುಚಿ ಕುದಿಸಿ ನೆನೆಯಿಡುವುದು ಸಾಕು. ಕಲಾಯಿ ಹಾಕಿದ ಹಿತ್ತಾಳೆಯದಾದರೆ ಇನ್ನೊಂದು ಎಚ್ಚರ ಬೇಕು. ಕಲಾಯಿಯ ತವರ 232 ಡಿಗ್ರಿಯಲ್ಲೇ ಕರಗುತ್ತದೆ. ತಳ ಪೂರ್ತಿ ಸೀದ ಕಡೆ ಅದು ಜಾರಿಹೋಗಿರಬಹುದು. ತೊಳೆದ ಮೇಲೆ ಒಳಗೆ ಹಳದಿಯ ಲೋಹ ಇಣುಕಿದರೆ, ಮತ್ತೆ ಕಲಾಯಿ ಮಾಡಿಸುವವರೆಗೆ ಆ ಪಾತ್ರೆಯಲ್ಲಿ ಹುಣಿಸೆ ಹಾಕಿದ ಹುಳಿಯನ್ನು ಕುದಿಸಬಾರದು.

ಸೀಯುವ ಮುನ್ನ ಹುಳಿ ಸೂಚನೆ ಕೊಡದೆ ಇರುವುದಿಲ್ಲ. ಸಣ್ಣ ಗುಳ್ಳೆಗಳ ಸದ್ದು ಅಡಗಿ, ದಪ್ಪ ಗುಳ್ಳೆಗಳು ಅಲ್ಲೊಂದು ಇಲ್ಲೊಂದು ಒಡೆಯಲಾರಂಭಿಸಿದರೆ ಸಂವಹನ ಕುಂದಿತೆಂದೇ ಅರ್ಥ. ಸೌಟು ತಳವನ್ನು ಮುಟ್ಟಬೇಕಾದುದು ಆಗ. ವಾಸನೆ ಬಂದ ಮೇಲಲ್ಲ.